ಐವತ್ತನಾಲ್ಕು ಲಕ್ಷವನ್ನು ಎಲ್ಲಿಟ್ಟೆ, ಏಕೆ ಇಟ್ಟೆ

ಮೈಸೂರಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, 2025ರ ಮೇ 31ರಂದು, ಐವತ್ತೆಂಟು ತುಂಬಿದ ಮೇಲೆ ನಾನು ನಿವೃತ್ತನಾದೆ. ಜೂನ್ 9ಕ್ಕೆ ಗ್ರಾಚ್ಯುಟಿಯ ಹದಿಮೂರು ಲಕ್ಷ, ಜೂನ್ 20ಕ್ಕೆ ಭವಿಷ್ಯ ನಿಧಿಯ ನಲವತ್ತೊಂದು ಲಕ್ಷ ಖಾತೆಗೆ ಜಮೆಯಾದವು. ಸರ್ಕಾರಿ ನೌಕರರಿಗೆ ಬರುವಂತಹ ಪಿಂಚಣಿ ನನಗಿಲ್ಲ. ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಿಂದ ಬರುವುದು ತಿಂಗಳಿಗೆ ಸುಮಾರು 4,200 ರೂಪಾಯಿ ಮಾತ್ರ. ಸ್ವಂತ ಮನೆಯಿದೆ, ಸಾಲವಿಲ್ಲ, ಮಗಳು ಕೆಲಸದಲ್ಲಿದ್ದಾಳೆ. ನನಗೂ ನನ್ನ ಹೆಂಡತಿಗೂ ತಿಂಗಳಿಗೆ ಮೂವತ್ತು ಸಾವಿರ ರೂಪಾಯಿ ತಪ್ಪದೆ ಬರಬೇಕು ಎಂಬುದಷ್ಟೇ ನಮ್ಮ ಲೆಕ್ಕವಾಗಿತ್ತು.

ಷೇರು, ಮ್ಯೂಚುವಲ್ ಫಂಡ್ ಎಂದು ಸಲಹೆ ಕೊಟ್ಟವರಿಗೆ ಕೊರತೆಯಿರಲಿಲ್ಲ. ಆದರೆ ಐವತ್ತೆಂಟರ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯುವ ಧೈರ್ಯ ನನಗೆ ಬರಲಿಲ್ಲ. ನಿಶ್ಚಿತ ಆದಾಯದ ಮೂರು ದಾರಿಗಳನ್ನಷ್ಟೇ, ಅಂದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆ, ಬ್ಯಾಂಕ್ ಠೇವಣಿ ಮತ್ತು ಒಮ್ಮೆ ಹಣ ಕಟ್ಟಿದರೆ ಬದುಕಿರುವವರೆಗೆ ಕಂತಿನಲ್ಲಿ ಕೊಡುವ ವಿಮಾ ಕಂಪನಿಯ ಆನ್ಯುಟಿಯನ್ನು, ಎದುರಿಟ್ಟುಕೊಂಡು ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿದೆ: ಹಣ ಇಟ್ಟುಕೊಂಡವರು ಕೊಡಲಾರದೆ ಹೋದರೆ ಅದಕ್ಕೆ ಹೊಣೆ ಯಾರು, ಮತ್ತು ತೆರಿಗೆ ಕಳೆದ ಮೇಲೆ ಕೈಯಲ್ಲಿ ಉಳಿಯುವುದೆಷ್ಟು.

ಮೊದಲು ಹೋದದ್ದು ನಮ್ಮ ಬಡಾವಣೆಯ ಅಂಚೆ ಕಚೇರಿಗೆ. ಹಿರಿಯ ನಾಗರಿಕರ ಯೋಜನೆಯ ಬಡ್ಡಿ 2023ರ ಏಪ್ರಿಲ್‌ನಿಂದ ಶೇ 8.2ರಲ್ಲೇ ಇತ್ತು, ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು, ಅಸಲಿಗೂ ಬಡ್ಡಿಗೂ ಕೇಂದ್ರ ಸರ್ಕಾರವೇ ಹೊಣೆ. ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ಜೂನ್‌ವರೆಗೆ, ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು ಮೂರು ಸಲ ಇಳಿಸಿ 6.5ರಿಂದ 5.5ಕ್ಕೆ ತಂದಿದ್ದರಿಂದ ಬ್ಯಾಂಕುಗಳ ಠೇವಣಿ ದರಗಳೆಲ್ಲ ಕೆಳಗಿಳಿಯುತ್ತಿದ್ದ ಸಮಯವದು. ಹಾಗಾಗಿ ಈ ಯೋಜನೆಯಲ್ಲಿ ಪೂರ್ತಿ 30 ಲಕ್ಷ ಇಡಬೇಕೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅನುಮಾನ ಬಂದದ್ದು ಕೌಂಟರಿನಲ್ಲಿದ್ದ ಯುವತಿಗೆ. ನನ್ನ ಆಧಾರ್ ಕಾರ್ಡ್ ತಿರುಗಿಸಿ ನೋಡಿ, "ಸರ್, ನಿಮಗೆ ಇನ್ನೂ ಅರವತ್ತು ಆಗಿಲ್ಲವಲ್ಲ, ಎರಡು ವರ್ಷ ಬಿಟ್ಟು ಬನ್ನಿ" ಎಂದು ಅರ್ಜಿಯನ್ನು ಹಿಂದಕ್ಕೆ ಸರಿಸಿದರು.

ನಿಯಮ ಹಾಗಿಲ್ಲ. ಐವತ್ತೈದು ತುಂಬಿ ಅರವತ್ತಾಗದವರು ನಿವೃತ್ತರಾಗಿದ್ದರೆ, ನಿವೃತ್ತಿಯಿಂದ ಬಂದ ಹಣವನ್ನು ಈ ಖಾತೆಯಲ್ಲಿ ಇಡಬಹುದು. ಆದರೆ ಬಂದ ಮೊತ್ತಕ್ಕಿಂತ ಹೆಚ್ಚು ಇಡುವಂತಿಲ್ಲ, ಮತ್ತು ಹಣ ಕೈಸೇರಿದ ದಿನದಿಂದ ನಿಗದಿತ ಅವಧಿಯೊಳಗೆ ಇಡಬೇಕು. ಇದನ್ನು ನಾನು ವಿವರಿಸಿದ ಮೇಲೆ ಆಕೆ ಒಳಗೆ ಹೋಗಿ ಪೋಸ್ಟ್ ಮಾಸ್ಟರರನ್ನು ಕರೆತಂದರು. ಅವರಿಗೆ ಈ ಅವಕಾಶ ಗೊತ್ತಿತ್ತು, ಆದರೆ ಅವಧಿ ಒಂದು ತಿಂಗಳು ಎಂದು ಅವರು ತಿಳಿದಿದ್ದರು. ಅಂದು ಜುಲೈ 10. ಗ್ರಾಚ್ಯುಟಿ ಬಂದು ಒಂದು ತಿಂಗಳ ಮೇಲೆ ಒಂದು ದಿನವಾಗಿತ್ತು. 2023ರ ನವೆಂಬರ್‌ನ ತಿದ್ದುಪಡಿಯಲ್ಲಿ ಆ ಒಂದು ತಿಂಗಳನ್ನು ಮೂರು ತಿಂಗಳಿಗೆ ಏರಿಸಲಾಗಿದೆ ಎಂದು ಹೇಳಿ, ಜೊತೆಯಲ್ಲಿ ಒಯ್ದಿದ್ದ ಅಧಿಸೂಚನೆಯ ಪ್ರತಿಯನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ನಕಲು ತೆಗೆಸಿ ಇಟ್ಟುಕೊಂಡರು. ಅವರ ಆ ಸೌಜನ್ಯಕ್ಕೆ ನಾನು ಋಣಿ.

ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಅರವತ್ತರೊಳಗಿನವರು ಉದ್ಯೋಗದಾತರಿಂದ ಒಂದು ಪ್ರಮಾಣಪತ್ರ ತರಬೇಕು: ನಿವೃತ್ತಿಯ ಸಂಗತಿ, ಯಾವ ಹುದ್ದೆಯಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದು, ನಿವೃತ್ತಿಯಿಂದ ಬಂದ ಹಣದ ವಿವರ, ಇವೆಲ್ಲ ಅದರಲ್ಲಿರಬೇಕು, ಹಣ ಯಾವ ದಿನ ಕೈಸೇರಿತು ಎಂಬುದಕ್ಕೂ ದಾಖಲೆ ಬೇಕು. ಕಾರ್ಖಾನೆಯವರು ನನಗೆ ಕೊಟ್ಟಿದ್ದುದು ಬರಿಯ ಸೇವಾ ಪ್ರಮಾಣಪತ್ರ, ಅದರಲ್ಲಿ ಹಣದ ಮಾತೇ ಇರಲಿಲ್ಲ. ಹೊಸ ಪತ್ರ ಬರೆಸಿ ತರುವುದಕ್ಕೆ ಒಂದು ವಾರ ಹಿಡಿಯಿತು. ಜುಲೈ 18ರಂದು 30 ಲಕ್ಷದ ಚೆಕ್ ಕೊಟ್ಟು ಪಾಸ್‌ಬುಕ್ ಪಡೆದೆ. ನಾಮನಿರ್ದೇಶನದ ಜಾಗದಲ್ಲಿ ಹೆಂಡತಿಯ ಹೆಸರು ಬಂದಿದೆಯೇ ಎಂದು ನೋಡಿಕೊಂಡೇ ಹೊರಬಂದೆ.

ಈ ಖಾತೆಯ ದರ ಇಟ್ಟ ದಿನದಿಂದ ಐದು ವರ್ಷ ಬದಲಾಗುವುದಿಲ್ಲ. ಬಡ್ಡಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500ರಂತೆ ಬರುತ್ತದೆ. ಆದರೆ ಅದು ಚಕ್ರಬಡ್ಡಿಯಲ್ಲ. ತೆಗೆಯದೆ ಬಿಟ್ಟರೆ ಆ ಬಡ್ಡಿಗೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ. ಒಂದು ವರ್ಷ ಕಳೆದು ಎರಡು ತುಂಬುವುದರೊಳಗೆ ಖಾತೆ ಮುಚ್ಚಿದರೆ ಅಸಲಿನಲ್ಲಿ ಶೇ 1.5, ಅಂದರೆ ನನ್ನ ಲೆಕ್ಕದಲ್ಲಿ 45,000 ರೂಪಾಯಿ, ಹಿಡಿದುಕೊಳ್ಳುತ್ತಾರೆ. ಎರಡು ವರ್ಷದ ನಂತರವಾದರೆ ಶೇ 1. ಆದ್ದರಿಂದ ಆಸ್ಪತ್ರೆಯ ಖರ್ಚಿಗೆಂದು ಇಟ್ಟುಕೊಳ್ಳುವ ಹಣವನ್ನು ಇಲ್ಲಿ ಹಾಕಬಾರದೆಂದು ನಿರ್ಧರಿಸಿದ್ದೆ, ಅದಕ್ಕೆ ಬ್ಯಾಂಕ್ ಠೇವಣಿಯೇ ಸರಿ.

ಉಳಿದ 24 ಲಕ್ಷದಲ್ಲಿ 12 ಲಕ್ಷವನ್ನು ಬ್ಯಾಂಕಿನಲ್ಲಿಡಬೇಕೆಂದುಕೊಂಡಾಗ ನಮ್ಮ ಬೀದಿಯಲ್ಲಿ ನಡೆದದ್ದು ಕಣ್ಣಮುಂದಿತ್ತು. ನೆರೆಮನೆಯ ನಿವೃತ್ತ ಮೇಷ್ಟ್ರು ಒಂದು ಸಹಕಾರ ಸಂಘದಲ್ಲಿ ಶೇ 9.5ರ ಬಡ್ಡಿಗೆ ಹದಿನೆಂಟು ಲಕ್ಷ ಇಟ್ಟಿದ್ದರು. ಫಲಕದ ಮೇಲೆ "ಸರ್ಕಾರದಿಂದ ನೋಂದಾಯಿತ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು; ಅಷ್ಟು ಸಾಕೆಂದು ಅವರು ನಂಬಿದರು. ಸಂಘ ಹಣ ಕೊಡುವುದನ್ನು ನಿಲ್ಲಿಸಿದ ದಿನ ಅವರು ನಮ್ಮ ಜಗುಲಿಗೆ ಬಂದು ಬಾಂಡುಗಳ ಕಟ್ಟನ್ನು ಬಿಚ್ಚಿ ಹರಡಿ ಕುಳಿತದ್ದನ್ನು ನಾನು ಮರೆಯಲಾರೆ. ನೋಂದಣಿಯೆಂದರೆ ಸಂಘ ಕಾನೂನುಬದ್ಧವಾಗಿ ಹುಟ್ಟಿದೆ ಎಂದು ಮಾತ್ರ ಅರ್ಥ, ಠೇವಣಿಗೆ ಸರ್ಕಾರ ಜಾಮೀನು ನಿಂತಿದೆ ಎಂದಲ್ಲ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮಾ ನಿಗಮ, ಅಂದರೆ ಡಿಐಸಿಜಿಸಿ, ವಿಮೆ ಕೊಡುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಆ ವಿಮೆ ಇಲ್ಲ. ವಿಮೆಯಿರುವ ಬ್ಯಾಂಕುಗಳ ಪಟ್ಟಿ ನಿಗಮದ ಜಾಲತಾಣದಲ್ಲಿದೆ. ಹೆಸರು ಅದರಲ್ಲಿ ಸಿಗದಿದ್ದರೆ, ಬಡ್ಡಿ ಎಷ್ಟೇ ಹೆಚ್ಚಿರಲಿ, ಅಲ್ಲಿ ಇಡುವ ಹಣಕ್ಕೆ ಆ ಆಡಳಿತ ಮಂಡಳಿಯ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ.

ಬ್ಯಾಂಕಾದರೂ ವಿಮೆಗೆ ಒಂದು ಮಿತಿಯಿದೆ. 2020ರ ಫೆಬ್ರವರಿಯಿಂದ ಅದು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ಇಲ್ಲಿ ಅನೇಕರು ತಪ್ಪು ತಿಳಿಯುವ ಎರಡು ಸಂಗತಿಗಳಿವೆ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಇಟ್ಟರೆ ಮಿತಿ ಹೆಚ್ಚುವುದಿಲ್ಲ, ಎಲ್ಲ ಶಾಖೆಗಳ ಮೊತ್ತವನ್ನೂ ಕೂಡಿಯೇ ಲೆಕ್ಕ ಹಾಕುತ್ತಾರೆ. ಮತ್ತೆ ಆ 5 ಲಕ್ಷದೊಳಗೆ ಅಸಲಿನ ಜೊತೆ ಬಡ್ಡಿಯೂ ಸೇರುತ್ತದೆ. ಸರಿಯಾಗಿ 5 ಲಕ್ಷ ಇಟ್ಟವನ ಬಡ್ಡಿಗೆ ಮೊದಲ ದಿನದಿಂದಲೇ ರಕ್ಷಣೆಯಿಲ್ಲ. ಅದಕ್ಕಾಗಿ ನಾನು ಮೂರು ಬ್ಯಾಂಕುಗಳಲ್ಲಿ ತಲಾ 4 ಲಕ್ಷವನ್ನು ಮೂರು ವರ್ಷಕ್ಕೆ ಇಟ್ಟೆ. ನನಗೆ ಸಿಕ್ಕ ದರ ಶೇ 6.5, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರಿದರೆ ಮೂರು ವರ್ಷದ ಕೊನೆಗೆ ಪ್ರತಿ ಠೇವಣಿಯೂ ಸುಮಾರು 4,85,000 ಆಗುತ್ತದೆ, ಮಿತಿಯನ್ನು ದಾಟುವುದಿಲ್ಲ. ಹಿರಿಯರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಕೊಡುವ ಅರ್ಧ ಶೇಕಡಾ ಹೆಚ್ಚುವರಿ ಬಡ್ಡಿ ಅರವತ್ತಾದ ಮೇಲೆಯೇ; ಅಂಚೆ ಕಚೇರಿ ನನ್ನನ್ನು ಹಿರಿಯನೆಂದು ಒಪ್ಪಿದ್ದರೂ ಬ್ಯಾಂಕುಗಳು ಒಪ್ಪಲಿಲ್ಲ.

ತೆರಿಗೆಯ ವಿಷಯದಲ್ಲಿ ನನ್ನದು ಸರಳ ಲೆಕ್ಕ. ಮೂರೂ ಮೂಲಗಳ ಆದಾಯಕ್ಕೆ ಪೂರ್ತಿಯಾಗಿ ತೆರಿಗೆ ಅನ್ವಯಿಸುತ್ತದೆ, ಆದರೆ ನನ್ನ ಒಟ್ಟು ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷವನ್ನೂ ಮುಟ್ಟುವುದಿಲ್ಲ. 2025-26ರಲ್ಲಿ ಹೊಸ ತೆರಿಗೆ ಪದ್ಧತಿಯಡಿ 12 ಲಕ್ಷದವರೆಗಿನ ಇಂತಹ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಶೂನ್ಯವಾಗುತ್ತದೆ. ನಾನು ಎಚ್ಚರ ವಹಿಸಬೇಕಾದದ್ದು ಮೂಲದಲ್ಲೇ ತೆರಿಗೆ ಕಡಿತವಾಗದಂತೆ ಮಾತ್ರ. ಆ ವರ್ಷ ಅರವತ್ತು ತುಂಬಿದವರಿಗೆ 1 ಲಕ್ಷ ಬಡ್ಡಿಯವರೆಗೆ ಕಡಿತವಿರಲಿಲ್ಲ, ಅದನ್ನು ಮೀರಿದರೆ ತೆರಿಗೆ ಕಡಿಯಬೇಡಿ ಎಂದು ಕೋರುವ 15ಎಚ್ ನಮೂನೆ ಕೊಡಬಹುದಿತ್ತು. ನನಗೆ ಆ ಮಿತಿ 50,000, ನಮೂನೆ 15ಜಿ. ಈ 15ಜಿ ಕೊಡಬೇಕಾದರೆ ತೆರಿಗೆ ಶೂನ್ಯವಾಗಿದ್ದರೆ ಸಾಲುತ್ತಿರಲಿಲ್ಲ, ವರ್ಷದ ಒಟ್ಟು ಬಡ್ಡಿಯೂ ಮೂಲ ವಿನಾಯಿತಿ ಮಿತಿಯಾದ 4 ಲಕ್ಷವನ್ನು ಮೀರಬಾರದಿತ್ತು. ನನ್ನ ಬಡ್ಡಿ ಪೂರ್ಣ ವರ್ಷಕ್ಕೆ ಎಲ್ಲ ಸೇರಿ ಸುಮಾರು 3,24,000, ಆದ್ದರಿಂದ ಅಂಚೆ ಕಚೇರಿಗೆ ಖಾತೆ ತೆರೆದ ದಿನವೇ 15ಜಿ ಕೊಟ್ಟೆ. ಬ್ಯಾಂಕುಗಳಲ್ಲಿ ಒಂದೊಂದರ ಬಡ್ಡಿ 26,000ದ ಆಸುಪಾಸಿನಲ್ಲಿರುವುದರಿಂದ ಅಲ್ಲಿ ಅದರ ಅಗತ್ಯ ಬೀಳಲಿಲ್ಲ. ಠೇವಣಿಯ ಬಡ್ಡಿ ಕೈಗೆ ಬರುವುದು ಮೂರು ವರ್ಷದ ನಂತರವಾದರೂ ಆಯಾ ವರ್ಷ ಸೇರಿದ ಬಡ್ಡಿಯನ್ನು ಆಯಾ ವರ್ಷದ ಲೆಕ್ಕದಲ್ಲೇ ತೋರಿಸುತ್ತೇನೆ; ಕೊನೆಯಲ್ಲಿ ಒಟ್ಟಿಗೆ ತೋರಿಸಿದರೆ ಬ್ಯಾಂಕು ಇಲಾಖೆಗೆ ಕೊಡುವ ವಿವರಕ್ಕೂ ನನ್ನ ರಿಟರ್ನ್‌ಗೂ ತಾಳೆಯಾಗುವುದಿಲ್ಲ.

ಆದರೆ ಇದೇ ಯೋಜನೆ ಇನ್ನೊಬ್ಬರ ಕೈಯಲ್ಲಿ ಎಷ್ಟು ಬೇರೆಯಾಗುತ್ತದೆ ಎಂಬುದು ನನಗೆ ಅರಿವಾದದ್ದು ಭಾವನವರ ಲೆಕ್ಕ ಮಾಡುವಾಗ. ಅಕ್ಕನ ಯಜಮಾನರು ಸರ್ಕಾರಿ ಕಾಲೇಜಿನ ನಿವೃತ್ತ ಪ್ರಾಧ್ಯಾಪಕರು, ವಯಸ್ಸು ಅರವತ್ತೇಳು, ಪಿಂಚಣಿ ವರ್ಷಕ್ಕೆ ಹನ್ನೊಂದೂವರೆ ಲಕ್ಷ. ಹಾಸನದ ಹತ್ತಿರದ ಒಂದು ನಿವೇಶನ ಮಾರಿ ಬಂದ ಹಣದಲ್ಲಿ 30 ಲಕ್ಷವನ್ನು ಅವರೂ ಹಿರಿಯ ನಾಗರಿಕರ ಯೋಜನೆಯಲ್ಲಿ ಇಡಬೇಕೆಂದಿದ್ದರು. "ನೀನೇ ಇಟ್ಟಿದ್ದೀಯಲ್ಲ, ನನಗೂ ಒಂದು ಅರ್ಜಿ ತುಂಬಿಕೊಡು" ಎಂದು ಮನೆಗೆ ಬಂದರು. ಅರ್ಜಿ ತುಂಬುವ ಮೊದಲು ಒಂದು ಹಾಳೆಯಲ್ಲಿ ತೆರಿಗೆ ಬರೆದು ನೋಡೋಣ ಎಂದೆ.

ಪಿಂಚಣಿಯಲ್ಲಿ 75,000 ರೂಪಾಯಿಯ ಪ್ರಮಾಣಿತ ಕಡಿತ ಕಳೆದರೆ 10,75,000 ಉಳಿಯುತ್ತದೆ. 12 ಲಕ್ಷದೊಳಗಿರುವುದರಿಂದ ತೆರಿಗೆಯಿಲ್ಲ. ಅದಕ್ಕೆ ಯೋಜನೆಯ ಬಡ್ಡಿ 2,46,000 ಸೇರಿದರೆ 13,21,000 ಆಗುತ್ತದೆ. 12 ಲಕ್ಷವನ್ನು ಇಷ್ಟು ದಾಟಿದರೆ ರಿಯಾಯಿತಿ ತಪ್ಪಿ, ತೆರಿಗೆಯನ್ನು 4 ಲಕ್ಷದ ಮೇಲಿನ ಮೊದಲ ರೂಪಾಯಿಯಿಂದ ಎಣಿಸಬೇಕಾಗುತ್ತದೆ: 8 ಲಕ್ಷದವರೆಗೆ ಶೇ 5ರಂತೆ 20,000, 12 ಲಕ್ಷದವರೆಗೆ ಶೇ 10ರಂತೆ 40,000, ಉಳಿದ 1,21,000ಕ್ಕೆ ಶೇ 15ರಂತೆ 18,150. ಇವೆಲ್ಲ ಸೇರಿ 78,150, ಶೇ 4ರ ಸೆಸ್ ಕೂಡಿದರೆ 81,276. ಬಡ್ಡಿ ಬಾರದಿದ್ದರೆ ಶೂನ್ಯವಾಗಿದ್ದ ತೆರಿಗೆ ಬಡ್ಡಿಯ ಮೂರನೆಯ ಒಂದು ಪಾಲನ್ನು ನುಂಗುತ್ತದೆ. ಕೈಯಲ್ಲಿ ಉಳಿಯುವುದು 1,64,724, ಅಂದರೆ 30 ಲಕ್ಷಕ್ಕೆ ಶೇ 5.5ರಷ್ಟೂ ಇಲ್ಲ. ಭಾವ ಆ ಹಾಳೆಯನ್ನು ಎರಡು ಸಲ ತಮ್ಮ ಕೈಯಲ್ಲೇ ಕೂಡಿ ನೋಡಿದರು.

ಹಿರಿಯರಿಗೆ 50,000 ರೂಪಾಯಿ ಬಡ್ಡಿಯ ವಿನಾಯಿತಿ ಇದೆಯಲ್ಲ ಎಂದು ಅವರು ಕೇಳಿದರು. ಆ ವಿನಾಯಿತಿಯೂ, ಈ ಠೇವಣಿಗೆ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿ ಸಿಗುವ ಒಂದೂವರೆ ಲಕ್ಷದ ಕಡಿತವೂ ಹಳೆಯ ಪದ್ಧತಿಗೆ ಮಾತ್ರ ಸೇರಿದವು. ಅವೆರಡನ್ನೂ ಆರೋಗ್ಯ ವಿಮೆಯ 50,000ವನ್ನೂ ಕಳೆದು ಹಳೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ತೆರಿಗೆ 1,44,000 ದಾಟಿತು. ಅಕ್ಕನ ಹೆಸರಿನಲ್ಲಿ ಇಟ್ಟರೆ ಹೇಗೆ ಎಂಬುದು ಮುಂದಿನ ಪ್ರಶ್ನೆ. ಗಂಡ ಹೆಂಡತಿಗೆ ಕೊಟ್ಟ ಹಣದಿಂದ ಬರುವ ಬಡ್ಡಿಯನ್ನು ಗಂಡನ ಆದಾಯಕ್ಕೇ ಸೇರಿಸಬೇಕೆಂದು ಕಾನೂನು ಹೇಳುತ್ತದೆ, ಹಾಗಾಗಿ ಹೆಸರು ಬದಲಾದರೂ ತೆರಿಗೆ ಬದಲಾಗುವುದಿಲ್ಲ. ಪ್ರಾಯಕ್ಕೆ ಬಂದ ಮಕ್ಕಳಿಗೆ ಕೊಟ್ಟ ಹಣಕ್ಕೆ ಈ ಕಟ್ಟಳೆಯಿಲ್ಲ. ಕೊನೆಗೆ ಅವರು 12 ಲಕ್ಷವನ್ನಷ್ಟೇ ಯೋಜನೆಯಲ್ಲಿಟ್ಟು, ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ಮಗಳ ಮನೆ ಸಾಲ ತೀರಿಸಲು ಕೊಟ್ಟರು. 12 ಲಕ್ಷದ ಬಡ್ಡಿ 98,400. ಒಟ್ಟು ಆದಾಯ 11,73,400ಕ್ಕೆ ನಿಲ್ಲುತ್ತದೆ. 15 ಲಕ್ಷ ಇಟ್ಟಿದ್ದರೂ 12 ಲಕ್ಷದ ಗೆರೆಯೊಳಗೇ ಇರುತ್ತಿತ್ತು, ಆದರೆ ವರ್ಷಕ್ಕೆರಡು ಸಲ ಏರುವ ತುಟ್ಟಿಭತ್ಯೆಗೂ ಉಳಿತಾಯ ಖಾತೆಯ ಬಡ್ಡಿಗೂ ಒಂದಿಷ್ಟು ಜಾಗ ಬಿಡಬೇಕಿತ್ತು.

ಮೂರನೆಯದು ಆನ್ಯುಟಿ, ನಾನು ಎಡವಿದ್ದು ಇಲ್ಲಿಯೇ. ಹಿರಿಯ ನಾಗರಿಕರ ಯೋಜನೆ ಐದು ವರ್ಷಕ್ಕೆ ಮುಗಿಯುತ್ತದೆ. ಮೂರು ಮೂರು ವರ್ಷ ಮುಂದುವರಿಸಬಹುದಾದರೂ ಆಗಿನ ದರವೇ ಅನ್ವಯಿಸುತ್ತದೆ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ನನ್ನ ಹೆಂಡತಿ ಎಂಬತ್ತರ ವಯಸ್ಸಿನಲ್ಲಿ ಒಬ್ಬಳೇ ಬ್ಯಾಂಕಿಗೆ ಅಲೆದು ಠೇವಣಿ ನವೀಕರಿಸುತ್ತಾ ಕೂರಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಬದುಕಿರುವವರೆಗೆ ಒಂದೇ ದರದಲ್ಲಿ ಹಣ ಬರುವ ಏರ್ಪಾಡು ಈ ಮೂರರಲ್ಲಿ ಆನ್ಯುಟಿ ಒಂದೇ. ಹತ್ತು ಲಕ್ಷಕ್ಕೆ ಒಂದು ಪಾಲಿಸಿ ಮಾಡಿಸೋಣವೆಂದು ಏಜೆಂಟರೊಬ್ಬರನ್ನು ಕರೆಸಿದೆ.

ಅವರು, "ಸರ್, ಬ್ಯಾಂಕಿನಲ್ಲಿ ಆರೂವರೆ, ನಮ್ಮಲ್ಲಿ ಏಳು ಪಾಯಿಂಟ್ ಒಂಬತ್ತು, ಅದೂ ಜೀವಮಾನ ಪೂರ್ತಿ" ಎಂದರು. ವರ್ಷಕ್ಕೆ 79,000. ಜಂಟಿಯಾಗಿ ಹೆಂಡತಿಗೂ ಬರಬೇಕು, ಇಬ್ಬರ ನಂತರ ಹತ್ತು ಲಕ್ಷ ಮಗಳಿಗೆ ಸೇರಬೇಕು ಎಂದು ನಾನು ಹೇಳಿದ್ದೆ, ಅವರೂ ತಲೆಯಾಡಿಸಿದ್ದರು. ಮೊಬೈಲಿನಲ್ಲಿ ಅವರೇ ಅರ್ಜಿ ತುಂಬಿದರು, ನಾನು ಒಟಿಪಿ ಹೇಳಿದೆ. ಎರಡು ವಾರಕ್ಕೆ ಪಾಲಿಸಿಯ ಕಾಗದ ಬಂದಿತು. ಊಟದ ಮೇಜಿನ ಮೇಲೆ ಅದನ್ನು ಹರಡಿ ಓದುತ್ತಿದ್ದ ಹೆಂಡತಿ ಒಂದು ಸಾಲಿನ ಮೇಲೆ ಬೆರಳಿಟ್ಟು, "ರೀ, ಇಲ್ಲಿ ನನ್ನ ಹೆಸರೇ ಇಲ್ಲವಲ್ಲ" ಎಂದಳು. ಜಂಟಿ ಜೀವ ಎಂಬ ಜಾಗ ಖಾಲಿ. ಖರೀದಿ ಬೆಲೆಯ, ಅಂದರೆ ನಾನು ಕಟ್ಟಿದ ಹತ್ತು ಲಕ್ಷದ, ವಾಪಸಾತಿ ಎಂಬುದರ ಎದುರು "ಇಲ್ಲ". ನಾನು ತೀರಿಕೊಂಡ ದಿನವೇ ಎಲ್ಲವೂ ನಿಂತುಹೋಗುವ ಪಾಲಿಸಿ ಅದು.

ಆ 7.9 ಬಡ್ಡಿಯ ದರವಲ್ಲ ಎಂಬುದು ಆಗ ಸ್ಪಷ್ಟವಾಯಿತು. ಅಸಲು ಹಿಂತಿರುಗದ ಆನ್ಯುಟಿಯಲ್ಲಿ ಪ್ರತಿ ಕಂತಿನೊಳಗೂ ನಮ್ಮದೇ ಅಸಲಿನ ಒಂದು ತುಣುಕು ಇರುತ್ತದೆ. 79,000ದಂತೆ ನನ್ನ ಹತ್ತು ಲಕ್ಷವೇ ನನಗೆ ಮರಳಿ ಬರಲು ಹನ್ನೆರಡು ವರ್ಷ ಎಂಟು ತಿಂಗಳು ಬೇಕು. ಎಪ್ಪತ್ತೆಂಟರವರೆಗೆ ಬದುಕಿದರೆ ನಿಜವಾಗಿ ಸಿಕ್ಕ ಬಡ್ಡಿ ವರ್ಷಕ್ಕೆ ಶೇ 4.8, ಎಂಬತ್ತೈದರವರೆಗಾದರೆ ಶೇ 6.4ರಷ್ಟು. ತೆರಿಗೆಯಲ್ಲಿ ಇದು ಇನ್ನೂ ಪ್ರತಿಕೂಲ: ಬ್ಯಾಂಕ್ ಠೇವಣಿಯಲ್ಲಿ ತೆರಿಗೆ ಬಡ್ಡಿಗೆ ಮಾತ್ರ, ಇಲ್ಲಿ 79,000 ಪೂರ್ತಿಯಾಗಿ ಆದಾಯವೆಂದೇ ಲೆಕ್ಕಕ್ಕೆ ಬರುತ್ತದೆ, ಅಂದರೆ ನಮ್ಮ ಅಸಲು ನಮಗೆ ಮರಳುವುದಕ್ಕೂ ತೆರಿಗೆ ಬೀಳಬಹುದು. ನನಗೆ ತೆರಿಗೆಯಿಲ್ಲದ್ದರಿಂದ ನೋವಾಗಲಿಲ್ಲ. ಭಾವನವರಂಥವರಿಗೆ ಇದು ದೊಡ್ಡ ನಷ್ಟ.

ಪಾಲಿಸಿ ಕೈಸೇರಿದ ಮೂವತ್ತು ದಿನದೊಳಗೆ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು. ಆರನೆಯ ದಿನ ನಾನೇ ಶಾಖೆಗೆ ಹೋಗಿ ಕಾರಣ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ; ಮುದ್ರಾಂಕದ ಖರ್ಚು ಕಳೆದು ಹಣ ಹಿಂದಕ್ಕೆ ಬಂದಿತು. ಮರಳಿ ಮಾಡಿಸುವ ಮೊದಲು ಹೊಣೆಯ ಪ್ರಶ್ನೆಯನ್ನು ಮತ್ತೆ ಕೇಳಿಕೊಂಡೆ. ಠೇವಣಿ ವಿಮೆ ಯಾವ ವಿಮಾ ಕಂಪನಿಗೂ ಇಲ್ಲ. ಖಾಸಗಿ ಕಂಪನಿಗಳು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದ ಪ್ರಮಾಣದಲ್ಲಿ, ಅಂದರೆ ಅಗತ್ಯದ ಒಂದೂವರೆ ಪಟ್ಟು, ಬಂಡವಾಳ ಕಾಯ್ದಿರಿಸಬೇಕು ಎಂಬುದೇ ರಕ್ಷಣೆ. ಜೀವ ವಿಮಾ ನಿಗಮದ ಪಾಲಿಸಿಗಳಿಗೆ 1956ರ ಕಾಯ್ದೆಯ 37ನೆಯ ಸೆಕ್ಷನ್‌ನಲ್ಲಿ ಕೇಂದ್ರ ಸರ್ಕಾರದ ಖಾತರಿಯಿದೆ. ಮೂವತ್ತು ವರ್ಷ ಮುಂದಕ್ಕೆ ನೋಡಬೇಕಾದ ಒಪ್ಪಂದವಾದ್ದರಿಂದ ನಾನು ಸರ್ಕಾರದ ಖಾತರಿಯಿರುವುದನ್ನೇ ಆರಿಸಿಕೊಂಡೆ.

ಈ ಸಲ ಅರ್ಜಿಯನ್ನು ನಾನೇ ತುಂಬಿದೆ: ಜಂಟಿ ಜೀವ, ಒಬ್ಬರ ನಂತರ ಇನ್ನೊಬ್ಬರಿಗೆ ಪೂರ್ತಿ ಮೊತ್ತ, ಇಬ್ಬರ ನಂತರ ಖರೀದಿ ಬೆಲೆ ಮಗಳಿಗೆ. ತಿಂಗಳಿಗೆ 5,200 ರೂಪಾಯಿ, ಶೇ 6.24 ಆಯಿತು, ಇದು ಅಸಲು ಬೆರೆಯದ ಬಡ್ಡಿ, ಬ್ಯಾಂಕಿನ ದರಕ್ಕಿಂತ ಸ್ವಲ್ಪ ಕಡಿಮೆ, ಆದರೆ ಇಬ್ಬರ ಆಯುಸ್ಸಿಗೂ ಬದಲಾಗದು. ಬೆಲೆಯೇರಿಕೆಗೆ ತಕ್ಕಂತೆ ಅದು ಏರುವುದಿಲ್ಲವಾದ್ದರಿಂದ ಹತ್ತು ಲಕ್ಷಕ್ಕಿಂತ ಹೆಚ್ಚು ಹಾಕಲು ಮನಸ್ಸಾಗಲಿಲ್ಲ. ಉಳಿದ ಎರಡು ಲಕ್ಷ ಉಳಿತಾಯ ಖಾತೆಯಲ್ಲಿದೆ. ಯೋಜನೆಯ 20,500, ಪಿಂಚಣಿಯ 4,200, ಆನ್ಯುಟಿಯ 5,200 ಸೇರಿ ತಿಂಗಳಿಗೆ 29,900. ಬ್ಯಾಂಕ್ ಠೇವಣಿಗಳನ್ನು ಮುಟ್ಟುವ ಅಗತ್ಯವಿಲ್ಲ.

ಯೋಜನೆಯ ಬಡ್ಡಿ ಬರುವುದು ತ್ರೈಮಾಸಿಕದ ನಂತರದ ಮೊದಲ ಕೆಲಸದ ದಿನ. 2025ರಲ್ಲಿ ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. 3ರ ಬೆಳಗ್ಗೆ ಪಾಸ್‌ಬುಕ್ ಮುದ್ರಿಸಿಕೊಂಡು ಬಂದೆ: ಜುಲೈ 18ರಿಂದ ಸೆಪ್ಟೆಂಬರ್ ಕೊನೆಯವರೆಗಿನ ಬಡ್ಡಿ ಐವತ್ತು ಸಾವಿರದ ಚಿಲ್ಲರೆ ಜಮೆಯಾಗಿತ್ತು, ತೆರಿಗೆ ಕಡಿತದ ಸಾಲು ಇರಲಿಲ್ಲ.